ಗೋಷ್ಠಿ ಬಿಡಿ ಭಾಷಣಗಳಾಗಿ ಒಡೆದಾಗ: ದೋಷ ಪ್ರಾಸ್ತಾವಿಕದಲ್ಲಿದೆಯೇ ಎಂದು ನೋಡುವ ಬಗೆ

ವೇದಿಕೆಯ ಮೇಲೆ ಮೂವರು ಕೂತಿರುತ್ತಾರೆ. ಮೂವರೂ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ತಾಗುವುದೇ ಇಲ್ಲ. ಮುಗಿದ ಮೇಲೆ ಬೈಗುಳವೆಲ್ಲ ಮಾತುಗಾರರ ಪಾಲಿಗೆ: "ಎಲ್ಲರೂ ತಮ್ಮ ತಮ್ಮದೇ ಹೇಳಿಕೊಂಡು ಹೋದರು."

ಕೆಲವು ಗೋಷ್ಠಿಗಳನ್ನು ನಾನೇ ನಡೆಸಿ, ನಾನೇ ಕೆಡಿಸಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ತಪ್ಪು ಬಹಳ ಸಲ ಮೊದಲ ಮೂರು ನಿಮಿಷದಲ್ಲೇ ಆಗಿಹೋಗಿರುತ್ತದೆ, ನಡೆಸುವವರ ಪ್ರಾಸ್ತಾವಿಕ ಮಾತಿನಲ್ಲಿ. ಅಲ್ಲಿ ನಾವು ಒಂದು ವಿಷಯ ಕೊಟ್ಟಿರುತ್ತೇವೆ, ತಕರಾರು ಕೊಟ್ಟಿರುವುದಿಲ್ಲ. ವಿಷಯ ಕೊಟ್ಟರೆ ಯಾರಾದರೂ ಭಾಷಣವನ್ನೇ ಮಾಡುತ್ತಾರೆ. ಉತ್ತರ ಕೊಡಬೇಕಾದರೆ ಎದುರಿಗೆ ಒಂದು ಮಾತು ಇರಬೇಕಲ್ವಾ?

ದೋಷ ಇದೆಯೇ ಎಂದು ಖಚಿತ ಮಾಡಿಕೊಳ್ಳುವುದು

ಗೋಷ್ಠಿಯ ಧ್ವನಿಮುದ್ರಣ ಇದ್ದರೆ ಕೇಳಿ. ಮೂವರ ಮೊದಲ ಸುತ್ತಿನ ಮಾತುಗಳ ಕ್ರಮವನ್ನು ಮನಸ್ಸಿನಲ್ಲೇ ಬದಲಿಸಿ. ಮೂರನೆಯವರನ್ನು ಮೊದಲಿಗೆ ತನ್ನಿ, ಮೊದಲನೆಯವರನ್ನು ಕೊನೆಗೆ ಹಾಕಿ. ಹೀಗೆ ಮಾಡಿದರೂ ಯಾವ ವಾಕ್ಯದ ಅರ್ಥವೂ ಕೆಡದಿದ್ದರೆ ದೋಷ ಖಚಿತ. ನಿಜವಾದ ಸಂವಾದದಲ್ಲಿ ಕ್ರಮ ಬದಲಿಸಲು ಆಗುವುದಿಲ್ಲ. "ಅದು ಸರಿ, ಆದರೆ" ಎಂದು ಶುರುವಾಗುವ ಮಾತಿಗೆ ಮುಂಚೆ ಆ "ಅದು" ಇರಲೇಬೇಕು.

ಇಲ್ಲೊಂದು ಮೋಸ ಇದೆ. "ಮೇಡಂ ಆಗಲೇ ಹೇಳಿದ ಹಾಗೆ" ಎಂದು ಶುರು ಮಾಡುವವರು ಬಹಳ ಜನ. ಇದನ್ನು ಪ್ರತಿಕ್ರಿಯೆ ಎಂದು ಎಣಿಸಬೇಡಿ. ಅದು ಸುಮ್ನೆ ಮರ್ಯಾದೆ. ಆ ಮಾತನ್ನು ತೆಗೆದುಹಾಕಿ ಕೇಳಿ, ಮುಂದಿನದ್ದೆಲ್ಲ ಹಾಗೇ ನಿಂತರೆ ಅವರು ಮೇಡಂಗೆ ಏನೂ ಉತ್ತರ ಕೊಟ್ಟಿಲ್ಲ. "ನಾನು ಇನ್ನೊಂದು ಮುಖ ಸೇರಿಸುತ್ತೇನೆ" ಎನ್ನುವುದೂ ಇದೇ ಜಾತಿ. ಸೇರಿಸುವುದು ಬೇರೆ, ಎದುರಿಸುವುದು ಬೇರೆ.

ಬೇರೆ ಎರಡು ಕಾರಣಗಳನ್ನು ಮೊದಲು ಪಕ್ಕಕ್ಕಿಡಿ

ಎಲ್ಲದಕ್ಕೂ ಪ್ರಾಸ್ತಾವಿಕವನ್ನೇ ದೂರಿದರೆ ತಪ್ಪಾಗುತ್ತದೆ. ಮೊದಲು ಗಡಿಯಾರ ನೋಡಿ. ಒಂದು ಗಂಟೆಯ ಗೋಷ್ಠಿಗೆ ನಾಲ್ಕು ಜನ, ತಲಾ 12 ನಿಮಿಷದ ಆರಂಭದ ಮಾತು ಎಂದಿಟ್ಟರೆ ಅಲ್ಲಿಗೆ 48 ನಿಮಿಷ ಹೋಯಿತು. ಸ್ವಾಗತಕ್ಕೆ 5 ನಿಮಿಷ ತೆಗೆದರೆ ಉಳಿಯುವುದು 7. ಇಷ್ಟರಲ್ಲಿ ಯಾವ ಪ್ರಾಸ್ತಾವಿಕವೂ ಏನೂ ಮಾಡಲಾರದು. ಸ್ಲೈಡ್ ತಂದವರು ಇದ್ದರೂ ಅಷ್ಟೇ. ಸ್ಲೈಡ್ ಮನೆಯಲ್ಲೇ ಸಿದ್ಧವಾಗಿ ಬಂದ ಭಾಷಣ, ಪಕ್ಕದವರು ಏನಂದರೂ ಅದು ಬದಲಾಗುವುದಿಲ್ಲ.

ಎರಡನೆಯದು, ಕರೆದವರಲ್ಲಿ ನಿಜವಾಗಿಯೂ ಭಿನ್ನಾಭಿಪ್ರಾಯ ಇದೆಯೇ ಎನ್ನುವುದು. ಒಂದೇ ಮಾತನ್ನು ಒಪ್ಪುವ ಮೂವರನ್ನು ಕೂರಿಸಿ ತಕರಾರು ಹುಟ್ಟಿಸಲು ಹೋದರೆ ನಾಟಕ ಆಗುತ್ತದೆ, ಸಭಿಕರಿಗೆ ಅದು ಬೇಗ ಗೊತ್ತಾಗುತ್ತದೆ. ಇದನ್ನು ತಿಳಿಯುವ ದಾರಿ ಫೋನ್ ಕರೆ. ಅದರ ಮಾತು ಮುಂದೆ ಬರುತ್ತದೆ.

ಸಮಯ ಸಾಕಷ್ಟಿದೆ, ಭಿನ್ನಾಭಿಪ್ರಾಯವೂ ಇದೆ, ಆದರೂ ಮೂರು ಭಾಷಣಗಳೇ ಆದವು ಎಂದರೆ ಮಾತ್ರ ಪ್ರಾಸ್ತಾವಿಕವನ್ನು ಬಿಚ್ಚಿ ನೋಡಿ.

ವಿಷಯ ಇದೆ, ಸಂಶಯ ಇಲ್ಲ

ವೇದವಾಕ್ಯಗಳ ಅರ್ಥವನ್ನು ವಾದಮಾಡಿ ನಿರ್ಣಯಿಸುತ್ತಿದ್ದ ಮೀಮಾಂಸೆಯವರು ಒಂದು ಚರ್ಚೆಯನ್ನು ಐದು ಅಂಗಗಳಲ್ಲಿ ಕಟ್ಟುತ್ತಿದ್ದರು. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ನನಗೆ ಇಲ್ಲಿ ಬೇಕಾದದ್ದು ಮೊದಲ ಎರಡು. ವಿಷಯ ಎಂದರೆ ಯಾವುದರ ಬಗ್ಗೆ ಮಾತು. ಸಂಶಯ ಎಂದರೆ ಅದರ ಬಗ್ಗೆ ಹೀಗೋ ಹಾಗೋ ಎಂಬ ಪ್ರಶ್ನೆ. ಎರಡನ್ನೂ ಬೇರೆ ಬೇರೆ ಅಂಗ ಎಂದೇ ಅವರು ಎಣಿಸಿದ್ದರು, ಎದುರು ಪಕ್ಷದ ವಾದ ಬರುವುದು ಅದಾದ ಮೇಲೆ. ನಮ್ಮ ಗೋಷ್ಠಿಗಳ ಪ್ರಾಸ್ತಾವಿಕ ಹೆಚ್ಚಿನ ಸಲ ವಿಷಯದಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ನೇರವಾಗಿ ಮೈಕ್ ಕೈ ಬದಲಾಗುತ್ತದೆ.

ಸಂಶಯ ಹುಟ್ಟಬೇಕಾದರೆ ಎರಡು ಹೇಳಿಕೆಗಳು ಒಂದೇ ವಸ್ತುವಿನ ಮೇಲೆ ಬೀಳಬೇಕು. ಒಬ್ಬರು ವೆಚ್ಚದ ಬಗ್ಗೆ, ಇನ್ನೊಬ್ಬರು ನ್ಯಾಯದ ಬಗ್ಗೆ, ಮತ್ತೊಬ್ಬರು ಮಕ್ಕಳ ಬಗ್ಗೆ ಮಾತಾಡಿದರೆ ಮೂರೂ ನಿಜ ಇರಬಹುದು. ಮೂರೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿದ್ದರೆ ಉತ್ತರ ಕೊಡುವ ಗರಜೇ ಯಾರಿಗೂ ಇಲ್ಲ.

ಒಂದು ಗೋಷ್ಠಿಯನ್ನು ಬಿಚ್ಚಿ ನೋಡೋಣ

ಗ್ರಂಥಾಲಯದ ಪುಸ್ತಕ ತಡವಾಗಿ ವಾಪಸ್ ಕೊಟ್ಟರೆ ಹಾಕುವ ದಂಡದ ಬಗ್ಗೆ ಒಂದು ಗೋಷ್ಠಿ ನಡೆಸಿದ್ದೆ. ಮೂವರು ಮಾತುಗಾರರು. ಒಬ್ಬರು ತಮ್ಮ ಗ್ರಂಥಾಲಯದಲ್ಲಿ ದಂಡ ತೆಗೆದುಹಾಕಿದ ಗ್ರಂಥಪಾಲಕಿ. ಇನ್ನೊಬ್ಬರು ದಂಡ ಉಳಿಸಿಕೊಂಡಿರುವ ಬೇರೊಂದು ಗ್ರಂಥಾಲಯದ ಹಿರಿಯ ಗ್ರಂಥಪಾಲಕರು. ಮೂರನೆಯವರು ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗುವ ಶಿಕ್ಷಕಿ. ಆರಂಭಕ್ಕೆ ತಲಾ 5 ನಿಮಿಷ. ಉಳಿದ 40 ನಿಮಿಷದಲ್ಲಿ ಅರ್ಧ ಅವರ ನಡುವಿನ ಮಾತಿಗೆ, ಅರ್ಧ ಸಭಿಕರಿಗೆ. ಸಮಯದ ತೊಂದರೆ ಇರಲಿಲ್ಲ. ಅಭಿಪ್ರಾಯ ಬೇರೆ ಎನ್ನುವುದಂತೂ ಮೊದಲೇ ಗೊತ್ತಿತ್ತು. ನನ್ನ ಪ್ರಾಸ್ತಾವಿಕ ಹೀಗಿತ್ತು:

"ಪುಸ್ತಕ ತಡವಾದರೆ ದಂಡ ಹಾಕುವುದು ಹಳೆಯ ಪದ್ಧತಿ. ಇಂದು ಇದರ ಬಗ್ಗೆ ಹೊಸ ಚಿಂತನೆ ನಡೆಯುತ್ತಿದೆ. ಇದಕ್ಕೆ ಆರ್ಥಿಕ, ಸಾಮಾಜಿಕ, ಶೈಕ್ಷಣಿಕ ಮುಖಗಳಿವೆ. ಇವುಗಳ ಮೇಲೆ ಬೆಳಕು ಚೆಲ್ಲಲು ನಮ್ಮೊಂದಿಗೆ ಮೂವರು ಅನುಭವಿಗಳಿದ್ದಾರೆ. ಮೊದಲಿಗೆ ಮೇಡಂ, ನಿಮ್ಮ ಅನುಭವ ಹಂಚಿಕೊಳ್ಳಿ."

ಇದರಲ್ಲಿ ಕೆಟ್ಟ ವಾಕ್ಯ ಯಾವುದು? ಎಲ್ಲವೂ ಸಪ್ಪೆಯೇ, ಒಪ್ಪುತ್ತೇನೆ. ಆದರೆ ಗೋಷ್ಠಿಯನ್ನು ಒಡೆದದ್ದು ಎರಡು ಜಾಗ. "ಆರ್ಥಿಕ, ಸಾಮಾಜಿಕ, ಶೈಕ್ಷಣಿಕ" ಎಂದಾಗ ನಾನೇ ವಿಷಯವನ್ನು ಮೂರು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆ. ಆಮೇಲೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಯಾಕೆ ಕಾಲಿಡುತ್ತಾರೆ? ಎರಡನೆಯದು "ಅನುಭವ ಹಂಚಿಕೊಳ್ಳಿ". ಅನುಭವಕ್ಕೆ ಎದುರು ಮಾತು ಇಲ್ಲ. ಒಬ್ಬರು "ನಮ್ಮಲ್ಲಿ ಹೀಗಾಯಿತು" ಎಂದರೆ ಇನ್ನೊಬ್ಬರು "ಇಲ್ಲ, ನಿಮ್ಮಲ್ಲಿ ಹಾಗಾಗಲಿಲ್ಲ" ಎನ್ನಲು ಆಗುತ್ತದೆಯೇ? ಅವರೂ ತಮ್ಮ ಅನುಭವ ಹೇಳುತ್ತಾರೆ, ಅಷ್ಟೇ. ಆದದ್ದೂ ಅದೇ. ಚರ್ಚೆಗಿಟ್ಟ 20 ನಿಮಿಷದಲ್ಲೂ ನಾನು ಪ್ರಶ್ನೆ ಕೇಳುತ್ತಾ ಹೋದೆ, ಅವರು ನನಗೇ ಉತ್ತರ ಕೊಡುತ್ತಾ ಹೋದರು.

ಕೆಲವು ತಿಂಗಳ ನಂತರ ಅದೇ ಮೂವರು ಇನ್ನೊಂದು ಸಭೆಗೆ ಒಪ್ಪಿದರು. ಸಮಯವೂ ಅಷ್ಟೇ. ಈ ಸಲ ನಾನು ಪ್ರಾಸ್ತಾವಿಕವನ್ನು ಮಾತ್ರ ಬದಲಿಸಲು ಹೊರಟೆ. ದೋಷ ಎಲ್ಲಿದೆ ಎಂದು ತಿಳಿಯಬೇಕಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕಲ್ಲ.

ತಕರಾರು ಹುಡುಕುವ ಫೋನ್ ಕರೆ

ಒಂದು ವಾರ ಮುಂಚೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದೆ. ತಲಾ ಹದಿನೈದು ನಿಮಿಷ ಸಾಕು. ಮೂವರನ್ನೂ ಒಂದೇ ಕರೆಯಲ್ಲಿ ಸೇರಿಸಬೇಡಿ. ಸೇರಿಸಿದರೆ ಒಂದೋ ಅಲ್ಲೇ ಒಬ್ಬರಿಗೊಬ್ಬರು ತಲೆಯಾಡಿಸಿ ರಾಜಿಯಾಗುತ್ತಾರೆ, ಇಲ್ಲವೇ ಒಳ್ಳೆಯ ಚರ್ಚೆ ಫೋನಿನಲ್ಲೇ ಮುಗಿದುಹೋಗುತ್ತದೆ.

"ನೀವು ಏನು ಮಾತಾಡುತ್ತೀರಿ?" ಎಂದು ಕೇಳಲಿಲ್ಲ. ಆ ಪ್ರಶ್ನೆ ಭಾಷಣ ಸಿದ್ಧಮಾಡಿಸುತ್ತದೆ. ಕೇಳಿದ್ದು ಎರಡು. "ಉಳಿದ ಇಬ್ಬರು ಹೇಳುವುದರಲ್ಲಿ ನಿಮಗೆ ಒಪ್ಪಲಾಗದ ಒಂದು ಮಾತು ಯಾವುದು?" ಮತ್ತೆ, "ಏನು ಗೊತ್ತಾದರೆ ನಿಮ್ಮ ಅಭಿಪ್ರಾಯ ಬದಲಾಗಬಹುದು?"

ಎರಡನೆಯ ಪ್ರಶ್ನೆಯೇ ನಿಜವಾದ ಮೀಟರ್. ಉತ್ತರ ಒಂದು ಅಂಕಿ ಆಗಿದ್ದರೆ, ಉದಾಹರಣೆಗೆ "ದಂಡ ತೆಗೆದ ಮೇಲೂ ಪುಸ್ತಕಗಳು ಅಷ್ಟೇ ಬೇಗ ವಾಪಸ್ ಬರುತ್ತವೆ ಎಂದು ತೋರಿಸಿದರೆ", ಆ ತಕರಾರು ಲೆಕ್ಕದ್ದು. ಲೆಕ್ಕದ ತಕರಾರನ್ನು ವೇದಿಕೆಯ ಮೇಲೆ ಬಿಡಿಸಲು ಆಗುವುದಿಲ್ಲ. "ಇನ್ನಷ್ಟು ಅಧ್ಯಯನ ಆಗಬೇಕು" ಎಂದು ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಉತ್ತರ "ಏನು ಗೊತ್ತಾದರೂ ನಾನು ಬದಲಾಗುವುದಿಲ್ಲ, ಯಾಕೆಂದರೆ" ಎಂದು ಶುರುವಾದರೆ ಕಿವಿ ನೆಟ್ಟಗೆ ಮಾಡಿ. ಆ "ಯಾಕೆಂದರೆ" ನಂತರ ಬರುವುದು ಯಾವುದು ಮುಖ್ಯ ಎಂಬುದರ ತಕರಾರು. ಗೋಷ್ಠಿಗೆ ಬೇಕಾದದ್ದು ಅದೇ.

ಗ್ರಂಥಪಾಲಕಿ ಹೇಳಿದ್ದು ಹೀಗೆ: "ದಂಡ ಕಟ್ಟಲು ಆಗದೆ ಬರುವುದನ್ನೇ ಬಿಟ್ಟವರು ಇದ್ದಾರೆ. ಪುಸ್ತಕ ಸ್ವಲ್ಪ ತಡವಾಗಿ ಬರಲಿ, ಓದುಗರೇ ಕಳೆದುಹೋದರೆ ಏನು ಮಾಡುವುದು?" ಹಿರಿಯರು ಬೇರೊಬ್ಬರನ್ನು ಕಣ್ಣೆದುರು ಇಟ್ಟುಕೊಂಡಿದ್ದರು: "ಒಂದೇ ಪ್ರತಿ ಇರುವ ಪುಸ್ತಕಕ್ಕೆ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯುವವರು ನನ್ನ ಟೇಬಲ್ ಮುಂದೆ ನಿಲ್ಲುತ್ತಾರೆ. ಅವರಿಗೆ ನಾನು ಏನು ಹೇಳಲಿ?" ಶಿಕ್ಷಕಿ ಮಕ್ಕಳ ಪರವಾಗಿ ಮಾತಾಡಿದರೂ ಕೊನೆಗೆ ಒಂದು ಮಾತು ಸೇರಿಸಿದರು: "ತಡ ಮಾಡುವುದೂ ನನ್ನ ಮಕ್ಕಳೇ, ಕಾಯುವುದೂ ನನ್ನ ಮಕ್ಕಳೇ ಸರ್."

ಒಂದು ಸಾಲಿಗೆ ಇಳಿಸುವುದು

ಇಲ್ಲಿ ನಾನು ಮೂರು ಸಲ ಎಡವಿದೆ. ಮೊದಲು ಬರೆದ ಸಾಲು: "ದಂಡ ಬೇಕೇ, ಬೇಡವೇ?" ನೋಡಲು ಚುರುಕು. ಆದರೆ ಇದಕ್ಕೆ ಮೂವರೂ "ಸಂದರ್ಭ ನೋಡಬೇಕು" ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಎರಡನೆಯದು: "ದಂಡ ಬಡ ಓದುಗರಿಗೆ ಹೊರೆಯೇ?" ಇದಕ್ಕೆ ಮೂವರೂ ಹೌದು ಎನ್ನುತ್ತಾರೆ. ಹಿರಿಯರೂ ಇಲ್ಲ ಎನ್ನುವುದಿಲ್ಲ. ಎಲ್ಲರೂ ಹೌದು ಎನ್ನುವ ಪ್ರಶ್ನೆಯಿಂದ ಗೋಷ್ಠಿ ಮಲಗುತ್ತದೆ.

ಮೂರನೆಯ ಸಾಲು ಹೀಗೆ ಬಂತು: "ಹಣಕ್ಕೆ ಹೆದರಿ ಬರುವುದನ್ನು ಬಿಟ್ಟ ಓದುಗ ಒಬ್ಬ, ಪುಸ್ತಕಕ್ಕಾಗಿ ಕಾಯುತ್ತಿರುವ ಓದುಗಾರ್ತಿ ಒಬ್ಬಳು. ನಿಯಮ ಮಾಡುವಾಗ ದಂಡ ಉಳಿಸಿ ಕಾಯುವವಳನ್ನು ನೋಡಬೇಕೇ, ದಂಡ ತೆಗೆದು ಬಿಟ್ಟುಹೋದವನನ್ನು ನೋಡಬೇಕೇ?" ಇದು ಹತ್ತಿರ ಬಂತು. ಇಬ್ಬರೂ ಕಣ್ಣಿಗೆ ಕಾಣುವ ಮನುಷ್ಯರು. ಯಾರನ್ನು ಆರಿಸಿದರೂ ಇನ್ನೊಬ್ಬರಿಗೆ ನಷ್ಟ ಇದೆ, "ಎರಡೂ ಮುಖ್ಯ" ಎಂದು ಹೇಳಿ ಕೂರಲು ಆಗುವುದಿಲ್ಲ.

ನಂತರ ಒಬ್ಬೊಬ್ಬರ ನಿಲುವನ್ನೂ ಒಂದು ವಾಕ್ಯದಲ್ಲಿ ಬರೆದು, ಎರಡು ದಿನ ಮುಂಚೆ ಅವರವರಿಗೆ ಕಳಿಸಿದೆ. "ನಿಮ್ಮ ಬಗ್ಗೆ ಹೀಗೆ ಹೇಳಬಹುದೇ?" ಈ ಹೆಜ್ಜೆಯನ್ನು ಬಿಟ್ಟರೆ ಏನಾಗುತ್ತದೆ ಎಂದು ಹಿರಿಯರ ಉತ್ತರ ತೋರಿಸಿತು. ಅವರು ಬರೆದದ್ದು: "ನಾನು ದಂಡದ ಪರ ಅಲ್ಲ. ತಡಕ್ಕೆ ಏನಾದರೂ ಪರಿಣಾಮ ಇರಬೇಕು ಎನ್ನುವವನು. ಹಣವೇ ಆಗಬೇಕಿಲ್ಲ. ಹಳೆಯದು ಕೊಡುವವರೆಗೆ ಹೊಸದು ಕೊಡಬಾರದು ಎಂದರೂ ನನಗೆ ಒಪ್ಪಿಗೆ."

ಅಂದರೆ ನನ್ನ ಮೂರನೆಯ ಸಾಲೂ ಪೂರ್ತಿ ಸರಿ ಇರಲಿಲ್ಲ. ಜಗಳ ಹಣದ ಮೇಲೆ ಇರಲೇ ಇಲ್ಲ. ತಡ ಮಾಡಿದವರಿಗೆ ಏನಾದರೂ ಕಳೆದುಕೊಳ್ಳುವಂತೆ ಇರಬೇಕೇ ಎಂಬುದರ ಮೇಲೆ ಇತ್ತು. ಗ್ರಂಥಪಾಲಕಿಗೆ ಮತ್ತೆ ಫೋನ್ ಮಾಡಿ ಕೇಳಿದೆ: ಹೊಸ ಪುಸ್ತಕ ಕೊಡದಿರುವುದು ನಿಮಗೆ ಒಪ್ಪಿಗೆಯೇ? "ಇಲ್ಲ, ಅದೂ ಬಾಗಿಲು ಮುಚ್ಚಿದ ಹಾಗೇ" ಎಂದರು. ತಕರಾರು ಸಿಕ್ಕಿತು. ಈ ತಿದ್ದುಪಡಿ ಆಗದಿದ್ದರೆ ಹಿರಿಯರು ವೇದಿಕೆಯ ಮೇಲೆ ಮೊದಲ ನಿಮಿಷದಲ್ಲೇ "ನನ್ನ ನಿಲುವು ಅಷ್ಟು ಸರಳ ಅಲ್ಲ" ಎನ್ನುತ್ತಿದ್ದರು. ಆ ವಾಕ್ಯ ಕೇಳಿಬಂದರೆ ನಡೆಸುವವರು ಇನ್ನು ಎಷ್ಟು ಎಳೆದರೂ ಗೋಷ್ಠಿ ಹಳಿಗೆ ಬರುವುದು ಕಷ್ಟ.

ತಿದ್ದಿದ ಪ್ರಾಸ್ತಾವಿಕ

ಎರಡನೆಯ ಸಲ ಹೇಳಿದ್ದು ಇಷ್ಟು:

"ಈ ಮೂವರೂ ಒಂದು ಮಾತನ್ನು ಒಪ್ಪುತ್ತಾರೆ: ದಂಡದ ಹಣದಿಂದ ಗ್ರಂಥಾಲಯ ನಡೆಯಬೇಕಿಲ್ಲ. ಹಾಗಾಗಿ ಇವತ್ತು ಹಣದ ಮಾತು ಬೇಡ. ಒಬ್ಬ ಓದುಗ ಪುಸ್ತಕ ಇಟ್ಟುಕೊಂಡು ಒಂದು ತಿಂಗಳು ತಡ ಮಾಡಿದ್ದಾನೆ. ಅದೇ ಪುಸ್ತಕಕ್ಕೆ ಒಬ್ಬಳು ಕಾಯುತ್ತಿದ್ದಾಳೆ. ತಡ ಮಾಡಿದವನು ಏನನ್ನಾದರೂ ಕಳೆದುಕೊಳ್ಳಬೇಕೇ? ಸರ್ ಹೇಳುತ್ತಾರೆ, ಕಳೆದುಕೊಳ್ಳಲೇಬೇಕು, ಇಲ್ಲದಿದ್ದರೆ ಆ ನಷ್ಟವನ್ನು ಕಾಯುವವಳು ಹೊರುತ್ತಾಳೆ. ಮೇಡಂ ಹೇಳುತ್ತಾರೆ, ಏನೂ ಕಳೆದುಕೊಳ್ಳಬಾರದು, ಏಕೆಂದರೆ ಹೆದರಿದವನು ಪುಸ್ತಕವನ್ನೂ ತರುವುದಿಲ್ಲ, ತಾನೂ ಬರುವುದಿಲ್ಲ. ಟೀಚರ್ ಹತ್ತಿರ ಈ ಇಬ್ಬರೂ ಓದುಗರು ಒಂದೇ ತರಗತಿಯಲ್ಲಿ ಕೂತಿದ್ದಾರೆ. ಮೇಡಂ, ನಿಮ್ಮಿಂದ ಶುರು ಮಾಡೋಣ. ಕಾಯುತ್ತಿರುವ ಆ ಹುಡುಗಿಗೆ ನೀವು ಏನು ಹೇಳುತ್ತೀರಿ?"

ನಿಧಾನವಾಗಿ ಓದಿದರೂ ಒಂದೂವರೆ ನಿಮಿಷ ದಾಟುವುದಿಲ್ಲ. ಮಾತುಗಾರರ ಹುದ್ದೆ, ಪ್ರಶಸ್ತಿಗಳ ಪಟ್ಟಿ ಆಹ್ವಾನ ಪತ್ರಿಕೆಯಲ್ಲಿ ಇತ್ತು, ವೇದಿಕೆಗೆ ತರಲಿಲ್ಲ.

ಒಪ್ಪಿಗೆಯ ಮಾತನ್ನು ಮೊದಲು ಇಟ್ಟದ್ದಕ್ಕೆ ಕಾರಣ ಇದೆ. ಅದನ್ನು ಹೇಳದಿದ್ದರೆ ಮೊದಲ ಹತ್ತು ನಿಮಿಷ ಮೂವರೂ ಅದನ್ನೇ ಬೇರೆ ಬೇರೆ ಪದಗಳಲ್ಲಿ ಹೇಳುತ್ತಾರೆ. ನಿಲುವಿನ ಜೊತೆಗೆ ಕಾರಣವನ್ನೂ ಅರ್ಧ ವಾಕ್ಯದಲ್ಲಿ ಹೇಳಿದ್ದು ಇನ್ನೊಂದು ಉದ್ದೇಶಕ್ಕೆ. ಬರೀ ನಿಲುವು ಹೇಳಿದರೆ ಮನುಷ್ಯರು ಎದುರುಬದುರಾಗುತ್ತಾರೆ, ಕಾರಣ ಹೇಳಿದರೆ ಕಾರಣಗಳು ಎದುರುಬದುರಾಗುತ್ತವೆ. ಆದರೆ ಅರ್ಧ ವಾಕ್ಯಕ್ಕಿಂತ ಜಾಸ್ತಿ ಬೇಡ. ವಾದವನ್ನೆಲ್ಲ ನಾವೇ ಹೇಳಿಬಿಟ್ಟರೆ ಅವರಿಗೆ ಉಳಿಯುವುದು ಮತ್ತೆ ಅನುಭವ ಹಂಚಿಕೊಳ್ಳುವುದೇ.

ಕೊನೆಯ ಪ್ರಶ್ನೆಯೇ ಇಡೀ ಪ್ರಾಸ್ತಾವಿಕದ ಕೀಲು. ಮೇಡಂಗೆ ಅವರದೇ ಓದುಗನ ಬಗ್ಗೆ ಕೇಳಲಿಲ್ಲ, ಎದುರಿನವರ ಓದುಗಾರ್ತಿಯ ಬಗ್ಗೆ ಕೇಳಿದೆ. ಹಾಗಾಗಿ ಅವರ ಮೊದಲ ವಾಕ್ಯವೇ ಸರ್‌ಗೆ ಉತ್ತರವಾಯಿತು. ಮೊದಲು ಮಾತಾಡಿದವರು ಹೇಗೆ ಮಾತಾಡುತ್ತಾರೋ ಉಳಿದವರೂ ಅದನ್ನೇ ಹಿಡಿಯುತ್ತಾರೆ. ಅವರು ಭಾಷಣ ಮಾಡಿದರೆ ಭಾಷಣ, ಉತ್ತರ ಕೊಟ್ಟರೆ ಉತ್ತರ. ಅದಕ್ಕೇ ಹಿರಿತನ ನೋಡಿ ಮೈಕ್ ಕೊಡಬಾರದು. ಇದಕ್ಕೆ ಹಿರಿಯರು ಬೇಸರ ಮಾಡಿಕೊಳ್ಳಬಹುದು ಎನ್ನಿಸಿದರೆ ಫೋನಿನಲ್ಲೇ ಹೇಳಿಡಿ: "ಸರ್, ಮೇಡಂ ಮಾತಿಗೆ ನೀವು ಉತ್ತರ ಕೊಡಬೇಕು ಅಂತ ಎರಡನೆಯದಾಗಿ ಇಟ್ಟಿದ್ದೇನೆ." ಇಷ್ಟಕ್ಕೆ ಬೇಡ ಎಂದವರನ್ನು ನಾನು ಇನ್ನೂ ಕಂಡಿಲ್ಲ.

ತಿದ್ದಿದ ಮೇಲೂ ಕೆಟ್ಟರೆ

ಮೂರನೆಯವರು ಮೂಲೆ ಸೇರುವುದು ಸಾಮಾನ್ಯ. ತಕರಾರಿಗೆ ಎರಡು ಪಕ್ಷ, ಕುರ್ಚಿ ಮೂರು. ಅವರಿಗೆ ಮೂರನೆಯ ನಿಲುವು ಹುಡುಕಲು ಹೋಗಬೇಡಿ, ಅದು ಮತ್ತೆ ಹೊಸ ಭಾಷಣ ಆಗುತ್ತದೆ. ಎರಡೂ ನಿಲುವುಗಳ ಬೆಲೆ ಯಾರ ಮೇಲೆ ಬೀಳುತ್ತದೆ ಎಂದು ಬಲ್ಲವರು ಅವರು ಎಂದು ಇಡಿ. ಶಿಕ್ಷಕಿಗೆ ನಾನು ಕೇಳಿದ್ದು "ಈಗ ಕೇಳಿದ ಎರಡರಲ್ಲಿ ಯಾವುದು ನಿಮ್ಮ ತರಗತಿಯಲ್ಲಿ ಮೊದಲು ಮುರಿಯುತ್ತದೆ?" ಎಂದು. ಇದಕ್ಕೆ ಉತ್ತರಿಸಲು ಎರಡನ್ನೂ ಕೇಳಿಸಿಕೊಂಡಿರಲೇಬೇಕು.

ಮಾತು ಬಿಸಿಯಾಗಿ ಜಗಳಕ್ಕೆ ತಿರುಗಿದರೆ, ಒಪ್ಪಿಗೆಯ ವಾಕ್ಯವನ್ನು ಬಿಟ್ಟಿದ್ದೀರೋ ಎಂದು ನೋಡಿಕೊಳ್ಳಿ. ನನ್ನ ಮಟ್ಟಿಗೆ ಹೆಚ್ಚಿನ ಸಲ ಅದೇ ಕಾರಣ.

ಗೋಷ್ಠಿ ಶುರುವಾಗಿ ಹದಿನೈದು ನಿಮಿಷವಾದರೂ ಭಾಷಣವೇ ನಡೆಯುತ್ತಿದ್ದರೆ ಹೊಸ ಪ್ರಶ್ನೆ ಹುಡುಕಬೇಡಿ. ಪ್ರಾಸ್ತಾವಿಕದ ಸಾಲನ್ನೇ ಮತ್ತೆ ಹೇಳಿ: "ಒಂದು ನಿಮಿಷ ಸರ್. ತಡ ಮಾಡಿದವನು ಏನೂ ಕಳೆದುಕೊಳ್ಳಬಾರದು ಎಂದು ಮೇಡಂ ಹೇಳಿದರು. ಇದು ಯಾವ ಓದುಗನಿಗೆ ಸರಿ ಹೋಗುವುದಿಲ್ಲ?" ಸಾಲು ಮೊದಲೇ ಸಿದ್ಧವಾಗಿದ್ದರೆ ಮಾತ್ರ ಇದು ಸಾಧ್ಯ, ಅಲ್ಲೇ ನಿಂತು ಕಟ್ಟಲು ಆಗುವುದಿಲ್ಲ.

ಫೋನ್ ಕರೆಗಳಲ್ಲಿ ಮೂವರೂ ಒಂದೇ ಮಾತು ಹೇಳಿದರೆ ತಿದ್ದಲು ಏನೂ ಇಲ್ಲ. ಗೋಷ್ಠಿ ಬಿಟ್ಟು, ಅವರಲ್ಲಿ ಒಬ್ಬರನ್ನು ಸಂದರ್ಶನ ಮಾಡಿ, ಅಥವಾ ನಾಲ್ಕನೆಯವರನ್ನು ಹುಡುಕಿ.

ಎರಡನೆಯ ಗೋಷ್ಠಿಯ ಧ್ವನಿಮುದ್ರಣವನ್ನು ಮನೆಗೆ ಬಂದು ಕೇಳಿದೆ. ಶಿಕ್ಷಕಿಯ ಮಾತನ್ನು ಎತ್ತಿ ಮೊದಲಿಗೆ ಇಟ್ಟು ನೋಡಿದೆ. ಅದು ಶುರುವಾಗುವುದು ಹೀಗೆ: "ಸರ್ ಹೇಳಿದ ಶಿಕ್ಷೆ ನನ್ನ ತರಗತಿಯಲ್ಲಿ ಒಂದು ವಾರವೂ ನಿಲ್ಲಲ್ಲ, ಯಾಕೆ ಅಂತ ಮೇಡಂ ಅರ್ಧ ಹೇಳಿದರು, ಇನ್ನರ್ಧ ಅವರು ಒಪ್ಪಲ್ಲ." ಮೊದಲಿಗೆ ಇಟ್ಟಾಗ ತಲೆಬುಡ ಅರ್ಥವಾಗಲಿಲ್ಲ.